ಎಲ್ಲ ಬರುತ್ತದೆ, ಅದೊಂದು ತಾಣ ಮಾತ್ರ ತೆರೆಯುವುದಿಲ್ಲ: ಮನೆಯ ಐಪಿವಿ6 ಜಾಲದಲ್ಲಿ ಪ್ಯಾಕೆಟ್ ಗಾತ್ರದ ದೋಷವನ್ನು ಪತ್ತೆ ಹಚ್ಚುವ ಬಗೆ

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಅಣ್ಣನ ಮನೆಯಲ್ಲಿ ಹಳೆಯ ರೌಟರ್ ಸಿಡಿಲಿಗೆ ಸುಟ್ಟುಹೋಗಿ ಹೊಸದು ಬಂದಿತು. ಫೈಬರ್ ಸಂಪರ್ಕ ಅದೇ, ಯೋಜನೆ ಅದೇ, ವೈ-ಫೈ ಹೆಸರು ಮತ್ತು ಪಾಸ್‌ವರ್ಡ್ ಕೂಡ ಅವೇ. ಎರಡು ದಿನಗಳ ನಂತರ ವೈನಿ ಫೋನ್ ಮಾಡಿ, "ಯೂಟ್ಯೂಬ್ ಬರ್ತದ, ವಾಟ್ಸ್ಆ್ಯಪ್ ಬರ್ತದ, ಈ ಬ್ಯಾಂಕಿಂದಷ್ಟ ತಿರಗ್ಕೋತ ಕುಂಡ್ರತದ ನೋಡು" ಎಂದರು. ಫೋನಿನಲ್ಲಿ ವೈ-ಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಿದರೆ ಅದೇ ತಾಣ ತಟ್ಟನೆ ತೆರೆಯುತ್ತಿತ್ತು. ಸಂಪರ್ಕ ಕೊಟ್ಟವರ ಕಡೆಯ ಹುಡುಗ ಬಂದು ನೋಡಿ, ರೌಟರಿನಲ್ಲಿ ಐಪಿವಿ6 ಎಂಬ ಟಿಕ್ ತೆಗೆದ ಕೂಡಲೇ ಎಲ್ಲವೂ ಸರಿಯಾಯಿತು ಎಂದು ಹೇಳಿ ಹೋಗಿದ್ದ. ಅವನು ಕೆಲಸ ಮುಗಿಸಿದ ಆ ಬಿಂದುವಿನಿಂದಲೇ ಈ ಬರಹ ಆರಂಭವಾಗುತ್ತದೆ, ಏಕೆಂದರೆ ಟಿಕ್ ತೆಗೆದಾಗ ಸರಿಯಾಗುತ್ತದೆ ಎಂಬುದು ದೋಷದ ಲಕ್ಷಣವೇ ಹೊರತು ದೋಷದ ಪರಿಹಾರವಲ್ಲ.

ಕೆಳಗಿನ ಪರೀಕ್ಷೆಗಳನ್ನು ನಾನು ಆ ಟಿಕ್ ಮರಳಿ ಹಾಕಿ, ಲಿನಕ್ಸ್ ಇರುವ ಒಂದು ಲ್ಯಾಪ್‌ಟಾಪ್‌ನಲ್ಲಿ ಮಾಡಿದೆ. ವಿಂಡೋಸ್‌ನಲ್ಲಿ ವ್ಯತ್ಯಾಸವಿರುವ ಕಡೆ ಅದನ್ನೂ ಹೇಳಿದ್ದೇನೆ. ಬರಹದಲ್ಲಿ `2001:db8` ಎಂದು ಆರಂಭವಾಗುವ ವಿಳಾಸಗಳು ಉದಾಹರಣೆಗೆಂದೇ ಮೀಸಲಿಟ್ಟವು. ನಿಮ್ಮ ಪರದೆಯ ಮೇಲೆ ಬೇರೆ ಅಂಕಿಗಳು ಇರುತ್ತವೆ.

ಮೊದಲು, ಐಪಿವಿ6 ನಿಜವಾಗಿಯೂ ಇದೆಯೇ

ಹಳೆಯ ಐಪಿವಿ4 ಜಾಲದಲ್ಲಿ ಮನೆಯ ಎಲ್ಲ ಸಾಧನಗಳಿಗೆ `192.168` ಎಂದು ಆರಂಭವಾಗುವ ಒಳವಿಳಾಸಗಳಿರುತ್ತವೆ ಮತ್ತು ರೌಟರ್ ಅವನ್ನೆಲ್ಲ ಒಂದೇ ಹೊರವಿಳಾಸದ ಹಿಂದೆ ಮರೆಮಾಡುತ್ತದೆ. ಐಪಿವಿ6ನಲ್ಲಿ ಈ ಮರೆಯಿಲ್ಲ. ಸಂಪರ್ಕ ಕೊಟ್ಟವರು ಮನೆಗೆ ವಿಳಾಸದ ಮುಂಭಾಗವನ್ನು, ಅಂದರೆ ಪ್ರಿಫಿಕ್ಸ್ ಅನ್ನು ಕೊಡುತ್ತಾರೆ. ರೌಟರ್ ಅದನ್ನು ಮನೆಯೊಳಗೆ ಆಗಾಗ ಸಾರುತ್ತದೆ. ಪ್ರತಿಯೊಂದು ಸಾಧನವೂ ಆ 64 ಬಿಟ್‌ಗಳ ಮುಂಭಾಗಕ್ಕೆ ತನ್ನದೇ 64 ಬಿಟ್‌ಗಳನ್ನು ಸೇರಿಸಿಕೊಂಡು, ಜಗತ್ತಿನ ಎಲ್ಲಿಂದಲಾದರೂ ಗುರುತಿಸಬಹುದಾದ ವಿಳಾಸವನ್ನು ತಾನೇ ಮಾಡಿಕೊಳ್ಳುತ್ತದೆ. ಹೊರಗಿನಿಂದ ಯಾರೂ ನೇರವಾಗಿ ಒಳಗೆ ಬಾರದಂತೆ ತಡೆಯುವುದು ರೌಟರಿನ ಫೈರ್‌ವಾಲ್‌ನ ಕೆಲಸ, ವಿಳಾಸ ಬದಲಾವಣೆಯ ಕೆಲಸವಲ್ಲ.

ಇದು ನಡೆದಿದೆಯೇ ಎಂದು ನೋಡಲು ಈ ಎರಡು ಆದೇಶಗಳು ಸಾಕು. ವಿಂಡೋಸ್‌ನಲ್ಲಿ `ipconfig` ಎಂದು ಕೊಟ್ಟರೆ ಇದೇ ಮಾಹಿತಿ ಸಿಗುತ್ತದೆ.

```
ip -6 addr show scope global
ip -6 route show default
```

ಮೊದಲನೆಯದರ ಉತ್ತರದಲ್ಲಿ 2 ಅಥವಾ 3ರಿಂದ ಆರಂಭವಾಗುವ ವಿಳಾಸ ಇರಬೇಕು. ಒಂದಕ್ಕಿಂತ ಹೆಚ್ಚು ಇದ್ದರೆ ಗಾಬರಿ ಬೇಡ. ಗುರುತು ಬಿಟ್ಟುಕೊಡದಿರಲು ಸಾಧನಗಳು ತಾತ್ಕಾಲಿಕ ವಿಳಾಸಗಳನ್ನು ಮಾಡಿಕೊಳ್ಳುತ್ತವೆ. `fd` ಎಂದು ಆರಂಭವಾಗುವುದು ಮಾತ್ರ ಇದ್ದರೆ ಅದು ಮನೆಯೊಳಗಿನ ಬಳಕೆಗೆ ಮಾತ್ರ. ಎರಡನೆಯ ಆದೇಶದ ಉತ್ತರದಲ್ಲಿ ಗೇಟ್‌ವೇ ವಿಳಾಸ `fe80` ಎಂದು ಆರಂಭವಾಗಿರುತ್ತದೆ. ಐಪಿವಿ4ರ ಅಭ್ಯಾಸವಿರುವವರು ಇದನ್ನೇ ತಪ್ಪೆಂದು ತಿಳಿದು ಬದಲಾಯಿಸಲು ಹೋಗುತ್ತಾರೆ. ಅದು ತಪ್ಪಲ್ಲ, ಒಂದೇ ತಂತಿ ಅಥವಾ ಒಂದೇ ವೈ-ಫೈ ಮೇಲಿರುವ ಸಾಧನಗಳು ತಮ್ಮತಮ್ಮಲ್ಲಿ ಮಾತಾಡಲು ಬಳಸುವ ವಿಳಾಸ ಅದು, ಮತ್ತು ಗೇಟ್‌ವೇ ಹಾಗೆಯೇ ಇರಬೇಕು.

ಅಣ್ಣನ ಮನೆಯಲ್ಲಿ ಎರಡೂ ಸರಿಯಾಗಿದ್ದವು. ಹೊರಗಿನ ಒಂದು ವಿಳಾಸಕ್ಕೆ ಕೊಟ್ಟ ಸಾಮಾನ್ಯ ಪಿಂಗ್‌ಗೂ ನಾಲ್ಕಕ್ಕೆ ನಾಲ್ಕು ಉತ್ತರ ಬಂದವು. ಬಹುಪಾಲು ಜನ ಇಲ್ಲಿಗೆ ಪರೀಕ್ಷೆ ನಿಲ್ಲಿಸಿ, ಐಪಿವಿ6 ಸರಿಯಿದೆ, ತಾಣದ್ದೇ ತಪ್ಪು ಎಂದು ತೀರ್ಮಾನಿಸುತ್ತಾರೆ. ಆದರೆ ಸಾಮಾನ್ಯ ಪಿಂಗ್‌ನ ಪ್ಯಾಕೆಟ್ ಬಹಳ ಚಿಕ್ಕದು, ನೂರು ಬೈಟ್‌ಗಳ ಆಸುಪಾಸು. ದೋಷ ಇರುವುದು ದೊಡ್ಡ ಪ್ಯಾಕೆಟ್‌ಗಳಲ್ಲಿ.

ಎಂಟು ಬೈಟ್‌ಗಳ ಕೊರತೆ

ಮನೆಯೊಳಗಿನ ಜಾಲದಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ಗಳವರೆಗೆ ಇರಬಹುದು. ರೌಟರಿನ ಸೆಟ್ಟಿಂಗ್ ಪುಟದಲ್ಲಿ ಸಂಪರ್ಕದ ಬಗೆ `PPPoE` ಎಂದಿದ್ದು, ಅಲ್ಲಿ ಒಂದು ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಹಾಕಿದ್ದರೆ, ಹೊರಗಿನ ದಾರಿಯಲ್ಲಿ ಪ್ರತಿಯೊಂದು ಪ್ಯಾಕೆಟ್‌ಗೂ 8 ಬೈಟ್‌ಗಳ ಹೊದಿಕೆ ಬೀಳುತ್ತದೆ. ಹೀಗಾಗಿ ಆ ದಾರಿಯಲ್ಲಿ ಸಾಮಾನ್ಯವಾಗಿ ಹಿಡಿಸುವುದು 1492 ಬೈಟ್ ಮಾತ್ರ. ಈ ಮಿತಿಗೆ ಎಂಟಿಯು ಎನ್ನುತ್ತಾರೆ.

ಐಪಿವಿ6 ಇಲ್ಲಿ ಒಂದು ಮೂಲಭೂತ ನಿಯಮವನ್ನು ಬದಲಾಯಿಸಿದೆ. ಐಪಿವಿ4ರಲ್ಲಿ, ಕಳಿಸಿದವರು ಬೇಡವೆಂದು ಗುರುತು ಹಾಕಿರದಿದ್ದರೆ, ದಾರಿಯ ನಡುವಿನ ರೌಟರ್ ದೊಡ್ಡ ಪ್ಯಾಕೆಟನ್ನು ತುಂಡು ಮಾಡಿ ಮುಂದೆ ಕಳಿಸಬಹುದು. ಐಪಿವಿ6ನಲ್ಲಿ ನಡುವಿನ ಯಾವ ರೌಟರೂ ತುಂಡು ಮಾಡುವಂತಿಲ್ಲ. ಅದು ಪ್ಯಾಕೆಟನ್ನು ಬಿಸಾಡಿ, ಕಳಿಸಿದವರಿಗೆ "ಪ್ಯಾಕೆಟ್ ದೊಡ್ಡದಾಯಿತು, 1492ಕ್ಕೆ ಇಳಿಸಿ" ಎಂಬ ಸೂಚನೆಯನ್ನು, ಜಾಲದ ಸಾಧನಗಳು ಇಂಥ ಸೂಚನೆಗಳಿಗೆಂದೇ ಬಳಸುವ ಐಸಿಎಂಪಿವಿ6 ಮೂಲಕ ಹಿಂದಕ್ಕೆ ಕಳಿಸಬೇಕು. ರೈಲ್ವೆ ಕೆಳಸೇತುವೆಯಲ್ಲಿ ಹಿಡಿಸದ ಲಾರಿಯ ಮಾಲೀಕನಿಗೆ ಚೀಟಿ ಬರೆದು ಕಳಿಸಿದ ಹಾಗೆ. ಚೀಟಿ ತಲುಪಿದರೆ ಮುಂದಿನ ಲಾರಿ ಚಿಕ್ಕದಾಗಿ ಬರುತ್ತದೆ. ಮಾಲೀಕನ ಗೇಟಿನಲ್ಲಿರುವ ಕಾವಲುಗಾರ ಚೀಟಿಯನ್ನು ಹರಿದು ಹಾಕಿದರೆ, ಅವನು ಅದೇ ದೊಡ್ಡ ಲಾರಿಯನ್ನೇ ಮತ್ತೆಮತ್ತೆ ಕಳಿಸುತ್ತಿರುತ್ತಾನೆ. ಐಸಿಎಂಪಿ ಎಂದರೆ ಪಿಂಗ್ ಅಷ್ಟೇ, ಅದನ್ನು ತಡೆದರೆ ಭದ್ರತೆ ಹೆಚ್ಚುತ್ತದೆ ಎಂದು ನಂಬಿ, ಸರ್ವರ್‌ನ ಮುಂದಿನ ಫೈರ್‌ವಾಲ್‌ನಲ್ಲಿ ಎಲ್ಲ ಐಸಿಎಂಪಿಯನ್ನೂ ತಡೆದಿಟ್ಟವರು ಇಂದಿಗೂ ಇದ್ದಾರೆ.

ಹಾಗಾದರೆ ಐಪಿವಿ4ರಲ್ಲಿ ಅದೇ ತಾಣ ಹೇಗೆ ತೆರೆಯಿತು? ಐಪಿವಿ4 ತುಂಡು ಮಾಡುತ್ತದೆ, ಅದಕ್ಕೇ ತೆರೆಯಿತು ಎಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ಇಂದಿನ ಸರ್ವರ್‌ಗಳು ಐಪಿವಿ4ರಲ್ಲೂ ತುಂಡು ಮಾಡಬೇಡಿ ಎಂಬ ಗುರುತು ಹಾಕಿಯೇ ಕಳಿಸುತ್ತವೆ. ನಿಜವಾಗಿ ಕಾಪಾಡುವುದು ರೌಟರಿನ ಒಂದು ಸಣ್ಣ ಕೈಚಳಕ. ಟಿಸಿಪಿ ಸಂಪರ್ಕ ಆರಂಭವಾಗುವಾಗ ಎರಡೂ ತುದಿಗಳು "ಒಂದು ಸಲಕ್ಕೆ ನನಗೆ ಇಷ್ಟು ಬೈಟ್ ಕಳಿಸಬಹುದು" ಎಂದು ಹೇಳಿಕೊಳ್ಳುತ್ತವೆ; ಈ ಸಂಖ್ಯೆಗೆ ಎಂಎಸ್‌ಎಸ್ ಎಂದು ಹೆಸರು. ಪಿಪಿಪಿಓಇ ರೌಟರ್ ಹಾದುಹೋಗುವ ಆ ಸಂಖ್ಯೆಯನ್ನು ತನ್ನ ದಾರಿಗೆ ತಕ್ಕಂತೆ ತಗ್ಗಿಸಿಬಿಡುತ್ತದೆ. ಆಗ ಸರ್ವರ್ ಮೊದಲಿನಿಂದಲೂ ಹಿಡಿಸುವಷ್ಟೇ ಗಾತ್ರದ ಪ್ಯಾಕೆಟ್ ಕಳಿಸುತ್ತದೆ, ಚೀಟಿಯ ಅಗತ್ಯವೇ ಬೀಳುವುದಿಲ್ಲ. ಕೆಲವು ರೌಟರ್‌ಗಳು ಈ ಕೆಲಸವನ್ನು ಐಪಿವಿ4ಗೆ ಮಾತ್ರ ಮಾಡಿ ಐಪಿವಿ6ಗೆ ಮಾಡುವುದನ್ನು ಮರೆತಿರುತ್ತವೆ. ನನ್ನ ಸಂಶಯ ಹೊಸ ರೌಟರಿನ ಮೇಲೆ ಬಿದ್ದದ್ದು ಇದಕ್ಕೇ.

ಯೂಟ್ಯೂಬ್ ಏಕೆ ಬರುತ್ತಿತ್ತು ಎಂಬುದೂ ಇದರಿಂದ ತಿಳಿಯುತ್ತದೆ. ಅದು ಬಹುಮಟ್ಟಿಗೆ ಟಿಸಿಪಿಯ ಬದಲು ಕ್ವಿಕ್ ಎಂಬ ಹೊಸ ವಿಧಾನವನ್ನು ಬಳಸುತ್ತದೆ. ಅದರಲ್ಲಿ ಸಂಪರ್ಕ ಆರಂಭದ ಪ್ಯಾಕೆಟ್‌ಗಳು 1200 ಬೈಟ್‌ಗಳ ಸುಮಾರಿನಲ್ಲೇ ಇದ್ದರೆ ಸಾಕಾಗುತ್ತದೆ, ಆದ್ದರಿಂದ 1492ರ ಮಿತಿಗೆ ತಗಲುವ ಪ್ರಸಂಗವೇ ಕಡಿಮೆ.

ಹೊರಹೋಗುವ ದಿಕ್ಕನ್ನು ಅಳೆಯುವುದು

ಪಿಂಗ್‌ಗೆ ನಾವು ಕೊಡುವ ಗಾತ್ರಕ್ಕೆ ಐಪಿವಿ6 ತಲೆಬರಹದ 40 ಬೈಟ್ ಮತ್ತು ಐಸಿಎಂಪಿವಿ6ನ 8 ಬೈಟ್ ಸೇರುತ್ತವೆ. ಆದ್ದರಿಂದ 1444 ಎಂದು ಕೊಟ್ಟರೆ ಪ್ಯಾಕೆಟ್ 1492 ಬೈಟ್ ಆಗುತ್ತದೆ, 1452 ಎಂದು ಕೊಟ್ಟರೆ 1500 ಆಗುತ್ತದೆ.

```
ping -6 -c 3 -M do -s 1444 2606:4700:4700::1111
ping -6 -c 3 -M do -s 1452 2606:4700:4700::1111
```

ಮೊದಲನೆಯದಕ್ಕೆ ಉತ್ತರ ಬರಬೇಕು. ಬಾರದಿದ್ದರೆ ತಕ್ಷಣ ತೀರ್ಮಾನಕ್ಕೆ ಬರಬೇಡಿ, ದೊಡ್ಡ ಪಿಂಗ್‌ಗೆ ಉತ್ತರ ಕೊಡದ ಸರ್ವರ್‌ಗಳೂ ಇವೆ. ಇನ್ನೊಂದೆರಡು ವಿಳಾಸಗಳಿಗೆ ಪ್ರಯತ್ನಿಸಿ ನೋಡಿ. ಎರಡನೆಯದಕ್ಕೆ ಆರೋಗ್ಯವಂತ ಪಿಪಿಪಿಓಇ ಜಾಲದಲ್ಲಿ ಉತ್ತರ ಬರಬಾರದು, ಬದಲಿಗೆ ರೌಟರಿನಿಂದ ಚೀಟಿ ಬರಬೇಕು. ಅಣ್ಣನ ಮನೆಯಲ್ಲಿ ಬಂದದ್ದು ಹೀಗೆ:

```
From 2001:db8:12:3400::1 icmp_seq=1 Packet too big: mtu=1492
```

ಅಂದರೆ ಒಳಗಿನಿಂದ ಹೊರಗೆ ಹೋಗುವ ದಿಕ್ಕಿನಲ್ಲಿ ರೌಟರ್ ತನ್ನ ಕರ್ತವ್ಯ ಮಾಡುತ್ತಿತ್ತು. ಈ ಸಾಲೂ ಇಲ್ಲದೆ, ಉತ್ತರವೂ ಇಲ್ಲದೆ ಪರದೆ ಸುಮ್ಮನೆ ನಿಂತಿದ್ದರೆ, ರೌಟರ್ ತಾನೇ ಚೀಟಿಯನ್ನು ನುಂಗುತ್ತಿದೆ ಎಂದು ತಿಳಿಯಬೇಕು. 1452ಕ್ಕೂ ಉತ್ತರ ಬಂದರೆ ನಿಮ್ಮ ದಾರಿಯಲ್ಲಿ ಪೂರ್ತಿ 1500 ಬೈಟ್ ಹಿಡಿಸುತ್ತದೆ, ಈ ಬರಹದ ದೋಷ ನಿಮ್ಮದಲ್ಲ. ವಿಂಡೋಸ್‌ನ ಪಿಂಗ್‌ನಲ್ಲಿ ತುಂಡು ಮಾಡಬೇಡ ಎನ್ನುವ `-f` ಐಪಿವಿ4ಗೆ ಮಾತ್ರ ಅನ್ವಯಿಸುವುದರಿಂದ, ಅಲ್ಲಿ ಈ ಪರೀಕ್ಷೆಯನ್ನು ಬಿಟ್ಟು ಮುಂದಿನದಕ್ಕೆ ಹೋಗುವುದು ಒಳ್ಳೆಯದು.

ಒಳಬರುವ ದಿಕ್ಕು

ಇಲ್ಲಿ ದೊಡ್ಡ ಪ್ಯಾಕೆಟನ್ನು ಕಳಿಸುವುದು ದೂರದ ಸರ್ವರ್, ಅದನ್ನು ಬಿಸಾಡಿ ಚೀಟಿ ಬರೆಯುವುದು ಸಂಪರ್ಕ ಕೊಟ್ಟವರ ಕಡೆಯ ಉಪಕರಣ, ಚೀಟಿ ಕಳೆದುಹೋಗುವುದು ಸರ್ವರ್‌ನ ಗೇಟಿನಲ್ಲಿ. ಇದಾವುದೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಾಣುವುದು ಪರಿಣಾಮ ಮಾತ್ರ, ಅದನ್ನು ನೋಡಲು ಒಂದೇ ತಾಣವನ್ನು ಎರಡು ದಾರಿಗಳಲ್ಲಿ ಕರೆಯಬೇಕು. `example.com` ಇರುವಲ್ಲಿ ತೊಂದರೆಯ ತಾಣದ ಹೆಸರು ಹಾಕಿ.

```
curl -4 -v -o /dev/null https://example.com/
curl -6 -v -o /dev/null https://example.com/
```

ವಿಂಡೋಸ್‌ನಲ್ಲಿ `curl.exe` ಎಂದು ಕೊಟ್ಟು, `/dev/null` ಬದಲು `NUL` ಎಂದು ಬರೆಯಬೇಕು. ಪರದೆಯ ಮಾತುಗಳು ತುಸು ಬೇರೆಯಿರುತ್ತವೆ.

ಬ್ಯಾಂಕಿನ ತಾಣ ಐಪಿವಿ4ರಲ್ಲಿ ಒಂದು ಸೆಕೆಂಡಿನೊಳಗೆ ಪೂರ್ತಿ ಬಂದಿತು. ಐಪಿವಿ6ನಲ್ಲಿ `Connected to` ಎಂಬ ಸಾಲು ಕೂಡಲೇ ಬಂದಿತು, `Client hello` ಹೋಯಿತು, ಆಮೇಲೆ ಏನೂ ಇಲ್ಲ. ಈ ನಿಲುಗಡೆಯ ಜಾಗವನ್ನು ಗಮನಿಸಬೇಕು. ಸಂಪರ್ಕ ಆರಂಭದ ಮೂರು ಪ್ಯಾಕೆಟ್‌ಗಳು ಚಿಕ್ಕವು, ಹಾಗಾಗಿ ದಾಟುತ್ತವೆ. ನಮ್ಮ ಮೊದಲ ಮಾತೂ ಇಲ್ಲಿ ಚಿಕ್ಕದೇ. ಅದಕ್ಕೆ ಸರ್ವರ್ ತನ್ನ ಪ್ರಮಾಣಪತ್ರಗಳನ್ನು ಕಳಿಸಬೇಕು. ಅವು ಕೆಲವು ಸಾವಿರ ಬೈಟ್‌ಗಳಷ್ಟಿರುವುದರಿಂದ ಪೂರ್ತಿ ಗಾತ್ರದ ಪ್ಯಾಕೆಟ್‌ಗಳಲ್ಲಿ ಬರುತ್ತವೆ, ಮತ್ತು ಅವೇ ದಾರಿಯಲ್ಲಿ ಬೀಳುತ್ತವೆ. `Connected to` ಬರುವುದಕ್ಕೂ ಮೊದಲೇ ನಿಂತರೆ ಅದು ಬೇರೆ ರೋಗ: ದಾರಿ, ಫೈರ್‌ವಾಲ್ ಅಥವಾ ವಿಳಾಸದ್ದು.

ಐಪಿವಿ6 ಕೈಕೊಟ್ಟರೆ ಬ್ರೌಸರ್ ತಾನೇ ಐಪಿವಿ4ಗೆ ಹೊರಳುವುದಿಲ್ಲವೇ ಎಂದು ಅಣ್ಣ ಕೇಳಿದ. ಪ್ರಶ್ನೆ ಸರಿಯಾದದ್ದೇ. ಬ್ರೌಸರ್‌ಗಳು ಐಪಿವಿ6ನಲ್ಲಿ ಮೊದಲು ಪ್ರಯತ್ನಿಸಿ, ಕಾಲು ಸೆಕೆಂಡಿನ ಸುಮಾರಿನಲ್ಲಿ ಸಂಪರ್ಕ ಆಗದಿದ್ದರೆ ಐಪಿವಿ4ರಲ್ಲೂ ಪ್ರಯತ್ನ ಆರಂಭಿಸುತ್ತವೆ. ಆದರೆ ಅವು ಸಾಮಾನ್ಯವಾಗಿ ನೋಡುವುದು ಟಿಸಿಪಿ ಸಂಪರ್ಕ ಆಯಿತೇ ಎಂಬುದನ್ನು. ಇಲ್ಲಿ ಸಂಪರ್ಕ ಆಗಿಯೇ ಇದೆ, ಆದ್ದರಿಂದ ಐಪಿವಿ6 ಗೆದ್ದಿತೆಂದು ಬ್ರೌಸರ್ ತಿಳಿದು ಕಾಯುತ್ತ ಕೂರುತ್ತದೆ. ಐಪಿವಿ6 ಪೂರ್ತಿ ಸತ್ತಿದ್ದರೆ ವೈನಿಗೆ ತೊಂದರೆಯೇ ಗೊತ್ತಾಗುತ್ತಿರಲಿಲ್ಲ. ಅರ್ಧ ಬದುಕಿದ್ದರಿಂದಲೇ ಇಷ್ಟು ಕಾಟ.

ಖಚಿತ ಮಾಡಿಕೊಳ್ಳುವ ಪ್ರಯೋಗ

ಇಷ್ಟರವರೆಗೆ ಇದ್ದದ್ದು ಊಹೆ. ಅದನ್ನು ಸಾಬೀತು ಮಾಡಲು ರೌಟರನ್ನು ಮುಟ್ಟದೆ, ಒಂದೇ ಲ್ಯಾಪ್‌ಟಾಪ್‌ನ ಐಪಿವಿ6 ಎಂಟಿಯುವನ್ನು 1280ಕ್ಕೆ ಇಳಿಸಬೇಕು. ಐಪಿವಿ6 ಸಾಗುವ ಯಾವ ದಾರಿಯೂ ಕನಿಷ್ಠ 1280 ಬೈಟ್ ಹಿಡಿಸಲೇಬೇಕು ಎಂಬ ನಿಯಮವಿರುವುದರಿಂದ ಈ ಸಂಖ್ಯೆ. `wlan0` ಇರುವಲ್ಲಿ ನಿಮ್ಮ ವೈ-ಫೈ ಸಾಧನದ ಹೆಸರು ಹಾಕಿ.

```
sudo sysctl net.ipv6.conf.wlan0.mtu=1280
```

ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಿಟಕಿಯಲ್ಲಿ:

```
netsh interface ipv6 set subinterface "Wi-Fi" mtu=1280 store=active
```

ಈಗ ಲ್ಯಾಪ್‌ಟಾಪ್ ಪ್ರತಿ ಹೊಸ ಸಂಪರ್ಕದ ಆರಂಭದಲ್ಲಿ 1440ರ ಬದಲು 1220 ಎಂಬ ಎಂಎಸ್‌ಎಸ್ ಹೇಳುತ್ತದೆ: 1280ರಲ್ಲಿ ಐಪಿವಿ6ನ 40, ಟಿಸಿಪಿಯ 20 ಕಳೆದರೆ ಉಳಿಯುವುದು ಅಷ್ಟು. ಸರ್ವರ್ ಅದಕ್ಕಿಂತ ದೊಡ್ಡದನ್ನು ಕಳಿಸುವುದಿಲ್ಲ. `curl -6` ಮತ್ತೆ ಕೊಟ್ಟಾಗ ಬ್ಯಾಂಕಿನ ಪುಟ ಐಪಿವಿ4ರಷ್ಟೇ ಬೇಗ ಬಂದಿತು. 1500ಕ್ಕೆ ಮರಳಿಸಿದೆ, ಮತ್ತೆ ನಿಂತಿತು. ಪುನಃ 1280, ಪುನಃ ಬಂದಿತು. ಹೀಗೆ ಎರಡು ಸಲ ಹಿಂದೆಮುಂದೆ ಮಾಡಿ ನೋಡಿದ ಮೇಲೆ ಸಂಶಯಕ್ಕೆ ಜಾಗವಿಲ್ಲ. 1280ರಲ್ಲೂ ತಾಣ ತೆರೆಯದಿದ್ದರೆ ಗಾತ್ರದ ದೋಷವನ್ನು ಮನಸ್ಸಿನಿಂದ ತೆಗೆದುಹಾಕಿ ಬೇರೆ ಕಾರಣ ಹುಡುಕಬೇಕು.

ರೌಟರಿನಲ್ಲಿ ಮಾಡುವ ತಿದ್ದುಪಡಿ

ಪರಿಹಾರಕ್ಕೆ ಎರಡು ದಾರಿಗಳಿವೆ. ರೌಟರಿನಲ್ಲಿ `MSS clamping` ಎಂಬ ಆಯ್ಕೆ ಇದ್ದು ಅದು ಐಪಿವಿ6ಗೂ ಅನ್ವಯಿಸುವುದಾದರೆ ಅದನ್ನು ಆನ್ ಮಾಡುವುದು ಅತ್ಯುತ್ತಮ, ಏಕೆಂದರೆ ಮನೆಯ ಯಾವ ಸಾಧನವೂ ಏನನ್ನೂ ಅರಿಯಬೇಕಿಲ್ಲ. ಸಂಖ್ಯೆಯನ್ನು ಕೈಯಿಂದ ಹಾಕಬೇಕಿದ್ದರೆ ಐಪಿವಿ6ಗೆ 1432, ಐಪಿವಿ4ಗೆ 1452. ಈ 1452 ಮೇಲೆ ಪಿಂಗ್‌ನಲ್ಲಿ ಕಂಡ 1452 ಅಲ್ಲ. ಎರಡೂ ಒಂದೇ ಆದದ್ದು ಕಾಕತಾಳೀಯ, ಮತ್ತು ನಾನೇ ಒಮ್ಮೆ ಇದರಲ್ಲಿ ಎಡವಿ ಐಪಿವಿ6ಗೂ 1452 ಬರೆದು ಅರ್ಧ ತಾಸು ಕಳೆದಿದ್ದೇನೆ.

ಅಣ್ಣನ ರೌಟರಿನಲ್ಲಿ ಆ ಆಯ್ಕೆ ಇರಲಿಲ್ಲ. ಆದರೆ ಒಳಜಾಲದ ಐಪಿವಿ6 ಪುಟದಲ್ಲಿ, ರೌಟರ್ ಸಾರುವ ಪ್ರಕಟಣೆಯ ವಿವರಗಳಡಿ `MTU` ಎಂಬ ಖಾನೆ ಇತ್ತು, ಅದರಲ್ಲಿ 0 ಎಂದಿತ್ತು. ಪ್ರಿಫಿಕ್ಸ್ ಸಾರುವ ಅದೇ ಪ್ರಕಟಣೆಯಲ್ಲಿ, ಈ ಜಾಲದ ಎಂಟಿಯು ಇಷ್ಟು ಎಂದು ಹೇಳಲೂ ಅವಕಾಶವಿದೆ. ಅಲ್ಲಿ 1492 ಎಂದು ಬರೆದು ಉಳಿಸಿದೆ. ಸಾಧನಗಳು ಅದನ್ನು ಕೇಳಿಸಿಕೊಂಡು ತಮ್ಮ ಐಪಿವಿ6 ಎಂಟಿಯುವನ್ನು ತಾವೇ ಇಳಿಸಿಕೊಂಡವು, ಹಾಗಾಗಿ ಎಂಎಸ್‌ಎಸ್ 1432 ಆಯಿತು. ಹೊರಜಾಲದ ಪುಟದಲ್ಲಿ 1492 ಎಂಬುದು ಮೊದಲೇ ಇತ್ತು, ಆದರೆ ಅದು ರೌಟರಿಗೆ ಮಾತ್ರ ಗೊತ್ತಿದ್ದ ಸಂಗತಿ. ಎರಡೂ ಆಯ್ಕೆ ಇಲ್ಲದ ರೌಟರ್ ನಿಮ್ಮದಾಗಿದ್ದರೆ ಹೊಸ ಫರ್ಮ್‌ವೇರ್ ಇದೆಯೇ ನೋಡಿ. ಅದೂ ಇಲ್ಲದಿದ್ದರೆ ಸಂಪರ್ಕ ಕೊಟ್ಟವರಿಗೆ "ಐಪಿವಿ6 ಟಿಸಿಪಿಗೆ ಎಂಎಸ್‌ಎಸ್ ತಗ್ಗಿಸುವುದು ನಡೆಯುತ್ತಿಲ್ಲ" ಎಂದು, ಪಿಂಗ್ ಮತ್ತು ಕರ್ಲ್ ಪರದೆಗಳ ಚಿತ್ರದೊಂದಿಗೆ ಬರೆಯಿರಿ. ನೆಟ್ ಸ್ಲೋ ಇದೆ ಎಂದು ಬರೆದರೆ ಮತ್ತೆ ಅದೇ ಹುಡುಗ ಬಂದು ಅದೇ ಟಿಕ್ ತೆಗೆಯುತ್ತಾನೆ.

ಪ್ರಕಟಣೆಯ ದಾರಿಗೆ ಒಂದು ಮಿತಿಯಿದೆ. ಅದನ್ನು ಪಾಲಿಸದ ಸಾಧನ ಮನೆಯಲ್ಲಿದ್ದರೆ ಅದಕ್ಕೆ ದೋಷ ಉಳಿದೇ ಇರುತ್ತದೆ. ಇನ್ನು, ರೌಟರಿನ ಫೈರ್‌ವಾಲ್ ಪುಟದಲ್ಲಿ ಐಸಿಎಂಪಿವಿ6 ಪೂರ್ತಿ ತಡೆಯುವ ಆಯ್ಕೆ ಕಂಡರೆ ಅದನ್ನು ಆನ್ ಮಾಡಬಾರದು. ಚೀಟಿಗಳು ಮಾತ್ರವಲ್ಲ, ಪ್ರಿಫಿಕ್ಸ್ ಸಾರುವುದು, ನೆರೆಯ ಸಾಧನವನ್ನು ಹುಡುಕುವುದು ಎಲ್ಲವೂ ಐಪಿವಿ6ನಲ್ಲಿ ಐಸಿಎಂಪಿವಿ6 ಮೇಲೆಯೇ ನಡೆಯುತ್ತವೆ.

ಇದರಂತೆಯೇ ಕಾಣುವ ಇನ್ನೊಂದು ದೋಷ

ಮಳೆಗಾಲದಲ್ಲಿ ಕರೆಂಟ್ ಹೋಗಿಬರುವ ನಮ್ಮ ಕಡೆ ಇದು ಹೆಚ್ಚು. ರೌಟರ್ ಆರಿ ಮತ್ತೆ ಹತ್ತಿದಾಗ ಸಂಪರ್ಕ ಕೊಟ್ಟವರು ಬೇರೆ ಪ್ರಿಫಿಕ್ಸ್ ಕೊಡಬಹುದು, ಆದರೆ ಬ್ಯಾಟರಿ ಮೇಲೆ ಓಡುತ್ತಿದ್ದ ಲ್ಯಾಪ್‌ಟಾಪ್ ಕೆಲವೊಮ್ಮೆ ಹಳೆಯ ವಿಳಾಸವನ್ನು ಬಿಟ್ಟಿರುವುದಿಲ್ಲ. ಹಳೆಯದು ರದ್ದಾಯಿತೆಂದು ಸಾರುವ ಅವಕಾಶ ಆರಿಹೋದ ರೌಟರಿಗೆ ಸಿಕ್ಕಿರುವುದೇ ಇಲ್ಲ. ಆಗಲೂ ತಾಣಗಳು ತಡವಾಗಿ ತೆರೆಯುತ್ತವೆ. ಎರಡನ್ನೂ ಬೇರ್ಪಡಿಸುವುದು ಸುಲಭ: `ip -6 addr` ಉತ್ತರದಲ್ಲಿ ಮುಂಭಾಗವೇ ಬೇರೆಯಾದ ಎರಡು ಬಗೆಯ ವಿಳಾಸಗಳು ಕಾಣುತ್ತವೆ, ಹಳೆಯ ವಿಳಾಸದಿಂದ ಹೊರಟ ಸಣ್ಣ ಪಿಂಗ್‌ಗೂ ಉತ್ತರ ಬರುವುದಿಲ್ಲ, ಮತ್ತು ವೈ-ಫೈ ಒಮ್ಮೆ ಆರಿಸಿ ಹಾಕಿದರೆ ಸರಿಹೋಗುತ್ತದೆ. ಗಾತ್ರದ ದೋಷ ವೈ-ಫೈ ಆರಿಸಿ ಹಾಕಿದರೆ ಹೋಗುವುದಿಲ್ಲ.

ತಿದ್ದಿದ ಮೇಲೆ ನೋಡಬೇಕಾದದ್ದು

ಲ್ಯಾಪ್‌ಟಾಪ್‌ನ ವೈ-ಫೈ ಆರಿಸಿ ಮರಳಿ ಜೋಡಿಸಿ, ಅದು ಹೊಸ ಸಂಖ್ಯೆಯನ್ನು ಕಲಿತಿದೆಯೇ ಎಂದು ಮೊದಲು ನೋಡಬೇಕು. ವಿಂಡೋಸ್‌ನಲ್ಲಿ `netsh interface ipv6 show interfaces` ಎಂದರೆ `MTU` ಎಂಬ ಕಾಲಮ್‌ನಲ್ಲಿ ಅದು ಕಾಣುತ್ತದೆ.

```
cat /proc/sys/net/ipv6/conf/wlan0/mtu
```

1492 ಎಂದು ಬಂದರೆ ಸರಿ. 1452ರ ಪಿಂಗ್ ಈಗ ರೌಟರಿನವರೆಗೂ ಹೋಗದೆ, ಸಂದೇಶ ದೊಡ್ಡದಾಯಿತು ಎಂದು ಲ್ಯಾಪ್‌ಟಾಪ್‌ನಲ್ಲೇ ನಿಲ್ಲುತ್ತದೆ; ಅದು ದೋಷವಲ್ಲ. ಆಮೇಲೆ `curl -6`, ಕೊನೆಗೆ ಫೋನಿನ ಬ್ರೌಸರಿನಲ್ಲಿ `test-ipv6.com`. ಅದರ ಪರೀಕ್ಷೆಗಳ ಪಟ್ಟಿಯಲ್ಲಿ ದೊಡ್ಡ ಪ್ಯಾಕೆಟ್‌ನದೂ ಒಂದಿರುವುದರಿಂದ ಆದೇಶ ಕೊಡಲಾಗದ ಸಾಧನಗಳಿಗೆ ಅದು ಅನುಕೂಲ. ಅಣ್ಣನ ಮನೆಯಲ್ಲಿ ಎರಡು ಫೋನ್, ಒಂದು ಲ್ಯಾಪ್‌ಟಾಪ್ ತೇರ್ಗಡೆಯಾದವು. ಪ್ರಯೋಗಕ್ಕೆಂದು 1280 ಮಾಡಿದ್ದ ಅಣ್ಣನ ವಿಂಡೋಸ್ ಯಂತ್ರ ಮಾತ್ರ ಇನ್ನೂ 1280 ತೋರಿಸುತ್ತಿತ್ತು. `store=active` ಎಂದು ಕೊಟ್ಟಿದ್ದರಿಂದ ಒಮ್ಮೆ ರೀಸ್ಟಾರ್ಟ್ ಮಾಡಿದ ಮೇಲೆ ಅದೂ 1492ಕ್ಕೆ ಬಂದಿತು.